ಇಡ್ಲಿ ಕಲ್ಲಾಗುವುದು ಯಾಕೆ? ಬೇಳೆಯ ಅಳತೆ, ಹಿಟ್ಟಿನ ಹದ



ಈ ಸಲ ಬಂದ ಕಾಗದಗಳ ಕಟ್ಟಿನಲ್ಲಿ ಲಕ್ಷ್ಮೇಶ್ವರದ ಹತ್ತಿರದ ಯಳವತ್ತಿಯಿಂದ ಒಬ್ಬ ಸೋದರಿ ಬರೆದ ಪತ್ರವಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ಅಕ್ಕಾರ, ನಮ್ಮ ಅತ್ತಿಯವರಿಗೆ ಹಲ್ಲೆಲ್ಲಾ ಬಿದ್ದಾವ. ರೊಟ್ಟಿ ಅಗಿಯಾಕ ಆಗೂದಿಲ್ಲ. ಮುಂಜಾನೆ ಗುಳಿಗಿ ತಗೊಳ್ಳೂಕಿಂತ ಮೊದಲ ಏನರ ಮೆತ್ತಗಿಂದು ತಿನ್ನಬೇಕಂತ ಡಾಕ್ಟರು ಹೇಳ್ಯಾರ. ಅದಕ್ಕ ವಾರಕ್ಕ ಮೂರು ದಿನ ಇಡ್ಲಿ ಮಾಡ್ತೀನಿ. ಆದರ ನನ್ನ ಇಡ್ಲಿ ಕಲ್ಲಿನಂಗ ಆಗ್ತಾವ. ಅವರು ಏನೂ ಅನ್ನೂದಿಲ್ಲ, ಸಾರಿನ್ಯಾಗ ನೆನಸಿ ನೆನಸಿ ಅರ್ಧಾ ತಿಂದು ಬಿಡ್ತಾರ. ಒಂದು ವಾಟಿ ಉದ್ದಿನಬೇಳಿಗೆ ನಾಲ್ಕು ವಾಟಿ ರವಾ ಹಾಕ್ತೀನಿ. ರವಾ ರೇಶನ್ ಅಕ್ಕೀದು, ಗಿರಣಿಯಾಗ ಒಡಸ್ತೀನಿ. ಬೇಳಿ ತುಟ್ಟಿ ಐತಿ, ಅದಕ್ಕ ಹೆಚ್ಚಿಗಿ ಹಾಕಾಕ ಕೈ ಬರೂದಿಲ್ಲ. ಬೇಳಿ ಮಿಕ್ಸಿಯಾಗ ಚಟ್ನಿ ಹಂಗ ಸಣ್ಣಗ ರುಬ್ಬಿ, ರವಾ ಹಂಗ ಸುರುವಿ, ನೀರು ಹಾಕಿ ಕಲಸಿ ಇಡ್ತೀನಿ. ಮುಂಜಾನೆ ನೋಡಿದರ ಹಿಟ್ಟು ಮುದ್ದಿ ಆಗಿರತೈತಿ. ಬೇಯೂದಿಲ್ಲಂತ ಅರ್ಧಾ ತಾಸು ಉಗಿಯಾಗ ಇಡ್ತೀನಿ. ಸೋಡಾ ಹಾಕಿದರ ಉಬ್ಬತಾವ, ಆರಿದ ಮ್ಯಾಲೆ ಮತ್ತ ಗಟ್ಟಿ. ನನ್ನ ತಪ್ಪು ಎಲ್ಲಿ ಐತಿ ಹೇಳ್ರಿ.”

ಈ ಸೋದರಿ ಎಲ್ಲವನ್ನೂ ಅಳತೆ ಸಮೇತ ಬರೆದಿದ್ದಾರೆ. ಹಾಗೆ ಬರೆದರೆ ಉತ್ತರ ಹೇಳುವುದು ಸುಲಭ. “ಇಡ್ಲಿ ಚೆನ್ನಾಗಿ ಬರುವುದಿಲ್ಲ, ಉಪಾಯ ತಿಳಿಸಿ” ಎಂದು ಒಂದೇ ಸಾಲು ಬರೆದರೆ ಯಾರಿಗೆ ತಾನೇ ಗೊತ್ತಾದೀತು? ಇವರ ಪತ್ರದಲ್ಲಿ ಇಡ್ಲಿ ಗಟ್ಟಿಯಾಗಲು ಮೂರು ಕಾರಣಗಳು ಒಂದರ ಹಿಂದೆ ಒಂದು ನಿಂತಿವೆ. ಬೇಳೆಯ ಅಳತೆ ಕಡಿಮೆ, ರುಬ್ಬಿದ್ದು ಸರಿಯಿಲ್ಲ, ರವೆ ನೆನೆಸಿಲ್ಲ. ಅರ್ಧ ತಾಸು ಉಗಿಯಲ್ಲಿಟ್ಟದ್ದು ನಾಲ್ಕನೆಯದು. ಆದರೆ ಅದು ಮೊದಲಿನ ಮೂರರ ಮಗುವೇ ಎನ್ನಿ. ಒಂದೊಂದಾಗಿ ನೋಡೋಣ.

ಬೇಳೆ ಮಾಡುವ ಕೆಲಸ ಏನು?

ಇಡ್ಲಿ ಮೆತ್ತಗಾಗುವುದು ಅಕ್ಕಿಯಿಂದಲ್ಲ, ಉದ್ದಿನಬೇಳೆಯಿಂದ. ಅಕ್ಕಿಯ ರವೆ ಇಡ್ಲಿಗೆ ಮೈ ಕೊಡುತ್ತದೆ, ಹೊಟ್ಟೆ ತುಂಬಿಸುತ್ತದೆ. ಅದರೊಳಗೆ ಗಾಳಿಯನ್ನು ಹಿಡಿದಿಡುವುದು ಬೇಳೆ. ಗಾಳಿ ನಿಂತರೆ ಇಡ್ಲಿ ಹತ್ತಿಯಂತೆ, ಗಾಳಿ ಹೋದರೆ ಕಲ್ಲಿನಂತೆ.

ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್ ಅವರು 1970ರ ದಶಕದಲ್ಲಿ ಇದನ್ನೇ ಬಿಡಿಸಿ ನೋಡಿದರು. ಬೇರೆ ಬೇಳೆಗಳಿಗೆ ಇಲ್ಲದ ಈ ಗುಣ ಉದ್ದಿಗೆ ಎಲ್ಲಿಂದ ಬಂತು ಎನ್ನುವುದು ಅವರ ಪ್ರಶ್ನೆ. ಅವರು ಕಂಡುಕೊಂಡದ್ದು ಎರಡು ವಸ್ತುಗಳನ್ನು. ಒಂದು, ಸಾಬೂನಿನ ಹಾಗೆ ನೊರೆ ಎಬ್ಬಿಸುವ ಪ್ರೋಟೀನು. ಇನ್ನೊಂದು, ಕೈಗೆ ಜಾರುವ ಲೋಳೆ. ಪ್ರೋಟೀನು ಗಾಳಿಯ ಸಣ್ಣ ಸಣ್ಣ ಗುಳ್ಳೆಗಳನ್ನು ಕಟ್ಟುತ್ತದೆ, ಲೋಳೆ ಆ ಗುಳ್ಳೆಗಳು ಒಡೆಯದಂತೆ ಕಾಯುತ್ತದೆ. ಉಗಿಯ ಬಿಸಿ ತಾಗಿದಾಗಲೂ ಗುಳ್ಳೆ ನಿಲ್ಲುವುದು ಈ ಲೋಳೆಯಿಂದಲೇ. ಉದ್ದಿನಬೇಳೆ ನೆನೆಸಿದ ನೀರಿನಲ್ಲಿ ಕೈಯಾಡಿಸಿದರೆ ಜಾರುತ್ತದಲ್ಲ, ಅದೇ ಲೋಳೆ. ಹೆಸರುಬೇಳೆ, ಕಡಲೆಬೇಳೆಗಳಲ್ಲಿ ಇಷ್ಟು ಸಿಗುವುದಿಲ್ಲ.

ರಾತ್ರಿ ಹಿಟ್ಟು ಹುದುಗುವಾಗ ಬೇಳೆ ಮತ್ತು ಅಕ್ಕಿಯ ಜೊತೆಯಲ್ಲೇ ಬಂದ ಕಣ್ಣಿಗೆ ಕಾಣದ ಜೀವಾಣುಗಳು ಗಾಳಿಯನ್ನು ಉಂಟುಮಾಡುತ್ತವೆ, ಹುಳಿಯನ್ನೂ ತರುತ್ತವೆ. ಈ ಗಾಳಿ ಹುಟ್ಟಿದರೂ ಅದನ್ನು ಹಿಡಿಯಲು ಬೇಳೆಯ ನೊರೆ ಸಾಲದಿದ್ದರೆ ಅದು ಮೇಲೆದ್ದು ಹೋಗುತ್ತದೆ. ಹಿಟ್ಟು ಹುಳಿಯಾಗಿರುತ್ತದೆ, ಉಬ್ಬಿರುವುದಿಲ್ಲ. “ವಾಸನೆ ಬಂದಿದೆ, ಹುಳಿಯೂ ಬಂದಿದೆ, ಆದರೂ ಇಡ್ಲಿ ಗಟ್ಟಿ” ಎಂದು ಹಲವರು ಬರೆಯುತ್ತಾರೆ. ಅವರಿಗೆ ಉತ್ತರ ಇಲ್ಲೇ ಇದೆ. ಸೋಡಾ ಹಾಕಿದಾಗ ಆಗುವುದೂ ಇಷ್ಟೇ. ಸೋಡಾ ಗಾಳಿ ಕೊಡುತ್ತದೆ, ಹಿಡಿಯುವ ಶಕ್ತಿ ಕೊಡುವುದಿಲ್ಲ. ಬಿಸಿಯಿದ್ದಾಗ ಉಬ್ಬಿದ ಇಡ್ಲಿ ಆರಿದ ಮೇಲೆ ಕುಸಿದು ಗಟ್ಟಿಯಾಗುತ್ತದೆ. ಜಾಸ್ತಿಯಾದರೆ ಹಳದಿ ಚುಕ್ಕೆ, ಸೋಡಾದ ವಾಸನೆ. ಅತ್ತೆಯವರಿಗೆ ರಕ್ತದೊತ್ತಡದ ಗುಳಿಗೆ ಇದ್ದರಂತೂ ಸೋಡಾ ಬೇಡವೇ ಬೇಡ, ಅದರಲ್ಲಿ ಉಪ್ಪಿನದೇ ಅಂಶವಿದೆ.

ಇನ್ನೊಂದು ಮಾತು ಕೇಳಿದರೆ ನಿಮಗೆ ಆಶ್ಚರ್ಯವಾದೀತು. 10ನೇ ಶತಮಾನದ ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಮಾತು ಬರುತ್ತದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿ ಸೇರಿಸಿ, ಮಸಾಲೆ ಹಾಕಿ ಮಾಡುವುದು. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಇದೇ ಜಾತಿಯ ಉದ್ದಿನ ತಿಂಡಿ ಉಂಟು. ನಮ್ಮ ಇಂದಿನ ಲಕ್ಷ್ಮೇಶ್ವರ ಆ ಕಾಲದ ಪುಲಿಗೆರೆ. ಈ ಹಳೆಯ ಇಡ್ಡಲಿಗೆಯಲ್ಲಿ ಅಕ್ಕಿಯ ಸುದ್ದಿಯೇ ಇಲ್ಲ, ಬರೀ ಉದ್ದು. ಅಕ್ಕಿ ಸೇರಿದ್ದು ಆಮೇಲೆ. ಅಂದಮೇಲೆ ಇಡ್ಲಿಯಲ್ಲಿ ಮನೆಯ ಯಜಮಾನಿ ಉದ್ದು, ಅಕ್ಕಿ ಆಮೇಲೆ ಬಂದ ನೆಂಟ. ನೆಂಟರು ಯಜಮಾನಿಗಿಂತ ನಾಲ್ಕು ಪಟ್ಟಾದರೆ ಮನೆ ನಡೆಯುವುದು ಕಷ್ಟ!

ಎಷ್ಟಕ್ಕೆ ಎಷ್ಟು?

ನೀವು ರವೆಯಿಂದ ಮಾಡುವವರಾದರೆ, ಮಿಕ್ಸಿಯಲ್ಲಿ ರುಬ್ಬುವುದಾದರೆ, ಒಂದು ವಾಟಿ ಉದ್ದಿನಬೇಳೆಗೆ ಎರಡು ವಾಟಿ ರವೆ. ಒರಳಿನಲ್ಲಿ ಅಥವಾ ಗ್ರೈಂಡರಿನಲ್ಲಿ ರುಬ್ಬಿದರೆ, ಬೇಳೆಯೂ ಹೊಸದಾಗಿದ್ದರೆ, ಎರಡೂವರೆ ವಾಟಿವರೆಗೆ ಹೋಗಬಹುದು. ಅಕ್ಕಿಯನ್ನೇ ನೆನೆಸಿ ರುಬ್ಬುವವರಿಗೆ ಲೆಕ್ಕ ಬೇರೆ. ಕುಸುಬಲಕ್ಕಿಯಾದರೆ ಮಿಕ್ಸಿಯಲ್ಲಿ ಒಂದಕ್ಕೆ ಮೂರು, ಗ್ರೈಂಡರಿನಲ್ಲಿ ಒಂದಕ್ಕೆ ನಾಲ್ಕು ನಡೆಯುತ್ತದೆ. ನಾಲ್ಕು ಎನ್ನುವ ಅಳತೆ ನಮ್ಮ ಸೋದರಿಯವರಿಗೆ ಬಹುಶಃ ಇಲ್ಲಿಂದಲೇ ಬಂದಿರಬೇಕು. ಕುಸುಬಲಕ್ಕಿಗೂ ಗ್ರೈಂಡರಿಗೂ ಹೇಳಿದ ಅಳತೆಯನ್ನು ಗಿರಣಿಯ ರವೆಗೂ ಮಿಕ್ಸಿಗೂ ಹಾಕಿದರೆ ಹೊಂದುವುದಿಲ್ಲ.

ಮಿಕ್ಸಿಗೂ ಒರಳಿಗೂ ವ್ಯತ್ಯಾಸ ಯಾಕೆ ಎನ್ನುತ್ತೀರಿ. ಒರಳಿನ ಗುಂಡು ಬೇಳೆಯನ್ನು ಅರೆಯುತ್ತ ಅರೆಯುತ್ತ ಗಾಳಿಯನ್ನೂ ಒಳಗೆ ಸೇರಿಸುತ್ತದೆ. ಒಂದು ವಾಟಿ ಬೇಳೆ ಒರಳಿನಲ್ಲಿ ನಾಲ್ಕು ವಾಟಿಯಷ್ಟು ಹಿಟ್ಟಾಗುತ್ತದೆ. ಮಿಕ್ಸಿಯ ಅಲಗು ಕತ್ತರಿಸುತ್ತದೆ, ಬೇಗ ಬಿಸಿಯಾಗುತ್ತದೆ. ಅದರಲ್ಲಿ ಮೂರು ವಾಟಿಯಾದರೆ ದೊಡ್ಡದು. ನೊರೆ ಕಡಿಮೆಯಾದ ಮೇಲೆ ಅದು ಹೊರುವ ರವೆಯೂ ಕಡಿಮೆಯಾಗಬೇಕು.

“ಹಾಗಾದರೆ ಖರ್ಚು ಎರಡು ಪಟ್ಟಾಯಿತಲ್ಲ!” ಎಂದು ಹೆದರಬೇಡಿ. ಬೇಳೆಯನ್ನು ಹೆಚ್ಚಿಸಬೇಡಿ, ರವೆಯನ್ನು ಅರ್ಧ ಮಾಡಿ. ಮೊದಲು ಒಂದು ವಾಟಿ ಬೇಳೆ, ನಾಲ್ಕು ವಾಟಿ ರವೆ ಹಾಕುತ್ತಿದ್ದಿರಿ. ಈಗ ಅದೇ ಒಂದು ವಾಟಿ ಬೇಳೆ, ಎರಡು ವಾಟಿ ರವೆ. ಬೇಳೆಯ ಖರ್ಚು ಅಷ್ಟೇ ಇತ್ತು, ಅಷ್ಟೇ ಇದೆ. ಇಡ್ಲಿಯ ಸಂಖ್ಯೆ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಅರ್ಧಕ್ಕೆ ಇಳಿಯುವುದಿಲ್ಲ, ಯಾಕೆಂದರೆ ಹಿಟ್ಟು ಉಬ್ಬುತ್ತದೆ. ಇನ್ನೂರು ಮಿಲಿಲೀಟರ್ ಹಿಡಿಯುವ ವಾಟಿಯಾದರೆ ಇಪ್ಪತ್ತೈದರ ಆಸುಪಾಸು ಇಡ್ಲಿ ಆಗುತ್ತವೆ. ಅತ್ತೆಯವರು ಅರ್ಧ ತಿಂದು ಬಿಡುತ್ತಿದ್ದ ಇಡ್ಲಿಯನ್ನು ಲೆಕ್ಕ ಹಿಡಿದರೆ ಇದೇ ಅಗ್ಗ.

ನಂಬಿಕೆ ಬರದಿದ್ದರೆ ಒಂದು ಸಲ ಹೀಗೆ ಮಾಡಿ ನೋಡಿ. ಒಂದು ವಾಟಿ ಬೇಳೆ ರುಬ್ಬಿ, ಹಿಟ್ಟನ್ನು ಎರಡು ಬೋಗುಣಿಯಲ್ಲಿ ಸಮನಾಗಿ ಹಂಚಿ. ಒಂದಕ್ಕೆ ನೆನೆಸಿದ ಒಂದು ವಾಟಿ ರವೆ, ಇನ್ನೊಂದಕ್ಕೆ ಎರಡು ವಾಟಿ. ಬೆಳಿಗ್ಗೆ ಎರಡರಲ್ಲೂ ಸೌಟು ಇಳಿಸಿ. ಮೊದಲನೆಯದು ನೊರೆ ನೊರೆಯಾಗಿ ಮೇಲೆದ್ದಿರುತ್ತದೆ. ಎರಡನೆಯದರಲ್ಲಿ ರವೆ ತಳಕ್ಕೆ ಇಳಿದು, ಮೇಲೆ ನೀರು ಬಿಟ್ಟಿರಲೂಬಹುದು. ಹೊರುವವರು ಇಲ್ಲದ್ದರಿಂದ ರವೆ ಕುಳಿತುಬಿಟ್ಟಿದೆ.

ಬೇಳೆ ಹೆಚ್ಚಾದರೆ ಇನ್ನೂ ಮೆತ್ತಗಾಗುವುದೇ? ಇಲ್ಲ. ಒಂದಕ್ಕೆ ಒಂದು ಹಾಕಿದರೆ ಉಗಿಯಲ್ಲಿ ಚೆನ್ನಾಗಿ ಉಬ್ಬಿ, ಹೊರಗೆ ತೆಗೆದ ಕೂಡಲೇ ಚಪ್ಪಟೆಯಾಗಿ, ರಬ್ಬರಿನಂತೆ ಎಳೆಯುತ್ತದೆ. ಮೈ ಕೊಡುವ ಅಕ್ಕಿಯೂ ಬೇಕೇ ಬೇಕು.

ಬೇಳೆ ಹಳೆಯದಾದರೆ ಅಳತೆ ಸರಿಯಿದ್ದರೂ ಪ್ರಯೋಜನವಿಲ್ಲ. ಬಹಳ ದಿನ ಡಬ್ಬಿಯಲ್ಲಿ ಕುಳಿತ ಬೇಳೆ ಹಳದಿಗಟ್ಟಿರುತ್ತದೆ, ರುಬ್ಬಿದರೆ ಲೋಳೆಯೇ ಬರುವುದಿಲ್ಲ. ಸಿಪ್ಪೆ ತೆಗೆದ ಇಡೀ ಉದ್ದು ಸಿಕ್ಕರೆ ಇಡ್ಲಿಗೆ ಅದೇ ಮೇಲು. ಒಡೆದ ಬೇಳೆಗಿಂತ ಹೆಚ್ಚು ನೊರೆ ಕೊಡುತ್ತದೆ. ಇಲ್ಲದಿದ್ದರೆ ಬೇಳೆ ಬಿಳಿಯಾಗಿ, ಪುಡಿಯಿಲ್ಲದೆ ಇರುವುದನ್ನು ನೋಡಿ ತನ್ನಿ.

ರುಬ್ಬುವ ಬಗೆ

ಸೋದರಿಯವರು “ಚಟ್ನಿ ಹಂಗ ರುಬ್ಬತೀನಿ” ಎಂದಿದ್ದಾರೆ. ಚಟ್ನಿಯ ಹಾಗೆ ಸಣ್ಣಗಾದರೆ ಸಾಲದು, ಬೆಣ್ಣೆ ಕಡೆದ ಹಾಗೆ ಹಗುರವಾಗಬೇಕು. ಸಣ್ಣಗಾಗುವುದು ಬೇರೆ, ಹಗುರವಾಗುವುದು ಬೇರೆ.

ಬೇಳೆಯನ್ನು ಎರಡು ಸಲ ತೊಳೆದು, ಅರ್ಧ ಚಹಾ ಚಮಚ ಮೆಂತ್ಯದ ಜೊತೆ ನಾಲ್ಕು ತಾಸು ನೆನೆಸಿ. ಬೇಸಿಗೆಯಲ್ಲಿ ಮೂರು ತಾಸು ಸಾಕು. ರಾತ್ರಿಯೆಲ್ಲಾ ನೆನೆಸಿದರೆ ಲೋಳೆ ನೀರಿಗೆ ಹೋಗುತ್ತದೆ, ಆ ನೀರನ್ನು ನೀವು ಚೆಲ್ಲುತ್ತೀರಿ. ನೆನೆಸಿದ ನೀರನ್ನು ಚೆಲ್ಲದೆ ಒಂದು ಕಡೆ ಬಸಿದಿಟ್ಟುಕೊಂಡು, ರುಬ್ಬಲು ಅದನ್ನೇ ಬಳಸಿ. ಮಿಕ್ಸಿಗಾದರೆ ಆ ನೀರನ್ನು ತಣ್ಣಗೆ ಮಾಡಿಕೊಳ್ಳಿ. ಫ್ರಿಜ್ ಇದ್ದವರು ಅದರಲ್ಲಿಡಿ, ಇಲ್ಲದವರು ಮಣ್ಣಿನ ಕೊಡದ ನೀರು ಬಳಸಿ.

ನೀರನ್ನು ಒಮ್ಮೆಲೇ ಸುರಿಯಬೇಡಿ. ಒಮ್ಮೆಲೇ ಸುರಿದರೆ ಬೇಳೆ ಅಲಗಿಗೆ ಸಿಗದೆ ತೇಲುತ್ತದೆ, ನೊರೆ ಕಟ್ಟುವುದಿಲ್ಲ. ತೀರ ಕಡಿಮೆ ಹಾಕಿದರೆ ಮುದ್ದೆಯಾಗಿ ಮಿಕ್ಸಿ ಬಿಸಿಯಾಗುತ್ತದೆ. ಸೋದರಿಯವರದು ಈ ಎರಡನೆಯದು. ಮೊದಲು ಅರ್ಧ ವಾಟಿ ನೀರಿನಿಂದ ಆರಂಭಿಸಿ, ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಅಂಚಿನದನ್ನು ಒಳಗೆ ತಳ್ಳಿ, ಎರಡು ಚಮಚ ನೀರು ಚಿಮುಕಿಸಿ ಮತ್ತೆ ತಿರುಗಿಸಿ. ಹೀಗೆ ಮಾಡುತ್ತ ಹೋದರೆ ಒಂದು ವಾಟಿ ಬೇಳೆಗೆ ಒಟ್ಟು ಒಂದು ವಾಟಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಹೊಸ ಬೇಳೆ ಇನ್ನೂ ಕುಡಿಯುತ್ತದೆ, ಹಳೆಯದು ಕಡಿಮೆ. ನೀರಿನ ಅಳತೆಗಿಂತ ಬೇಳೆಯ ಮಾತು ಕೇಳಿ.

ಸಾಕಾಯಿತೇ ಎಂದು ತಿಳಿಯುವುದು ಹೇಗೆ? ಒಂದು ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಗೋಲಿಯಷ್ಟು ಹಿಟ್ಟನ್ನು ಬಿಡಿ. ತೇಲಿದರೆ ಆಯಿತು. ಮುಳುಗಿ ತಳ ಮುಟ್ಟಿದರೆ ಇನ್ನೂ ರುಬ್ಬಬೇಕು. ಈ ಪರೀಕ್ಷೆ ಒಂದೇ ನಿಮಿಷದ್ದು, ಆದರೆ ಅರ್ಧ ಇಡ್ಲಿಯ ಭವಿಷ್ಯ ಅಲ್ಲೇ ಗೊತ್ತಾಗುತ್ತದೆ. ಬಹಳ ಹೊತ್ತು ರುಬ್ಬಿದರೂ ತೇಲದಿದ್ದರೆ ಬೇಳೆ ಹಳೆಯದು ಎಂದೇ ತಿಳಿಯಿರಿ. ಆ ದಿನ ರವೆಯನ್ನು ಒಂದೂವರೆ ವಾಟಿಗೆ ಇಳಿಸಿ.

ರವೆ ಕದ್ದು ಕುಡಿಯುವ ನೀರು

ಈಗ ಮೂರನೆಯ ಕಾರಣ. ರಾತ್ರಿ ಸರಿಯಾಗಿದ್ದ ಹಿಟ್ಟು ಬೆಳಿಗ್ಗೆ ಮುದ್ದೆಯಾದದ್ದು ಯಾಕೆ? ಒಣ ರವೆಯನ್ನು ಹಾಗೇ ಸುರಿದರೆ ಅದು ರಾತ್ರಿಯೆಲ್ಲಾ ನೀರು ಕುಡಿಯುತ್ತಲೇ ಇರುತ್ತದೆ. ನೀವು ಕಲಸುವಾಗ ತೆಳ್ಳಗಿದ್ದದ್ದು ನಾಲ್ಕು ತಾಸಿನಲ್ಲಿ ಗಟ್ಟಿಯಾಗುತ್ತದೆ. ಗಟ್ಟಿ ಹಿಟ್ಟಿನಲ್ಲಿ ಗಾಳಿಗೆ ಹಿಗ್ಗಲು ಜಾಗವಿಲ್ಲ. ಉಗಿಯಲ್ಲೂ ರವೆ ಬೇಯಲು ನೀರು ಸಾಲದೆ ಒಳಗೆ ಗರಗರ ಉಳಿಯುತ್ತದೆ. ಆಗ ನೀವು “ಬೆಂದಿಲ್ಲ” ಎಂದು ಅರ್ಧ ತಾಸು ಇಡುತ್ತೀರಿ, ಹೊರಗಿನ ಮೈ ಒಣಗಿ ಚರ್ಮದಂತಾಗುತ್ತದೆ. ನೋಡಿದಿರಾ, ಒಂದರಿಂದ ಒಂದು ಹೇಗೆ ಬಂತು!

ಬೇಳೆ ನೆನೆಸುವಾಗಲೇ ಬೇರೆ ಬೋಗುಣಿಯಲ್ಲಿ ರವೆಯನ್ನೂ ನೆನೆಸಿ. ಗಿರಣಿಯಲ್ಲಿ ಒಡೆಸಿದ ರವೆಯಲ್ಲಿ ಸಣ್ಣ ಹಿಟ್ಟು ಬಹಳ ಇರುತ್ತದೆ. ಅದು ಇಡ್ಲಿಯನ್ನು ಅಂಟು ಮಾಡುತ್ತದೆ. ಮೊದಲು ಜರಡಿ ಹಿಡಿಯಿರಿ. ಬಿದ್ದ ಹಿಟ್ಟು ದೋಸೆಗೆ, ತಾಲಿಪಟ್ಟಿಗೆ ಬರುತ್ತದೆ, ಹಾಳಾಗುವುದಿಲ್ಲ. ಉಳಿದ ರವೆಗೆ ನೀರು ಹಾಕಿ ಕೈಯಾಡಿಸಿ, ಮೇಲೆ ತೇಲುವ ಬಿಳಿ ನೀರನ್ನು ಎರಡು ಸಲ ಬಸಿಯಿರಿ. ಆಮೇಲೆ ಹೊಸ ನೀರು ಹಾಕಿ ನಾಲ್ಕು ತಾಸು ಬಿಡಿ. ಬೆರೆಸುವಾಗ ಅಂಗೈಯಲ್ಲಿ ಹಿಂಡಿ ಹಾಕಿ. ಒಣಗುವಂತೆ ಹಿಂಡಬಾರದು, ನೀರು ಸುರಿಯುವುದು ನಿಂತರೆ ಸಾಕು.

ರೇಶನ್ ಅಕ್ಕಿ ಬಹಳ ಕಡೆ ಬೆಳತಿಗೆ ಅಕ್ಕಿ, ಕುಸುಬಲಕ್ಕಿಯಲ್ಲ. ಬೆಳತಿಗೆ ಅಕ್ಕಿಯ ಇಡ್ಲಿ ಬಿಸಿಯಲ್ಲಿ ಮೆತ್ತಗಿದ್ದು ಆರಿದ ಮೇಲೆ ಬಿಗಿಯುವುದು ಹೆಚ್ಚು. ಬೆಂದ ಅಕ್ಕಿಯ ಪಿಷ್ಟ ಆರುತ್ತ ಆರುತ್ತ ಮತ್ತೆ ಬಿಗಿಯುತ್ತದೆ. ನಿನ್ನೆಯ ಅನ್ನ ಇಂದು ಗಟ್ಟಿಯಾಗುವುದಿಲ್ಲವೇ, ಹಾಗೆ. ಇದಕ್ಕೆ ಉಪಾಯ ಒಂದು ಹಿಡಿ ಅವಲಕ್ಕಿ. ಹತ್ತು ನಿಮಿಷ ನೆನೆಸಿ, ಬೇಳೆ ರುಬ್ಬುವ ಕೊನೆಗೆ ಸೇರಿಸಿ ರುಬ್ಬಿ. ಅವಲಕ್ಕಿ ಇಲ್ಲದಿದ್ದರೆ ಒಂದು ಹಿಡಿ ಅನ್ನ. ಇದರಿಂದ ಇಡ್ಲಿ ತುಸು ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಮಧ್ಯಾಹ್ನಕ್ಕೆ ಉಳಿದದ್ದನ್ನು ಮತ್ತೆ ಎರಡು ನಿಮಿಷ ಉಗಿಯಲ್ಲಿಟ್ಟರೆ ಬಿಗಿ ಬಿಡುತ್ತದೆ. ಒಣ ಬಿಸಿ ತಾಗಿಸಬೇಡಿ.

ಹಿಟ್ಟಿನ ಹದ

ರುಬ್ಬಿದ ಬೇಳೆಗೆ ರವೆ ಹಾಕಿ, ಒಂದೂವರೆ ಚಹಾ ಚಮಚ ಉಪ್ಪು ಹಾಕಿ, ಕೈಯಿಂದಲೇ ಕೆಳಗಿಂದ ಮೇಲೆ ಎತ್ತಿ ಎತ್ತಿ ಕಲಸಿ. ಈಗ ಹದ. ನಮ್ಮ ಗದಗ ಕಡೆಯವರಿಗೆ ಮಿರ್ಚಿ ಭಜಿಯ ಹಿಟ್ಟು ಹೇಳಿಕೊಡುವುದು ಬೇಡ. ಮೆಣಸಿನಕಾಯಿ ಅದ್ದಿ ತೆಗೆದರೆ ಹಿಟ್ಟು ಜಾರದೆ ಅಂಟಿ ನಿಲ್ಲಬೇಕು. ಇಡ್ಲಿ ಹಿಟ್ಟು ಅದಕ್ಕಿಂತ ಒಂದು ಕೂದಲು ಸಡಿಲ, ದೋಸೆ ಹಿಟ್ಟಿಗಿಂತ ಗಟ್ಟಿ. ಸೌಟಿನಿಂದ ಬಿಟ್ಟರೆ ಧಾರೆಯಾಗಿ ಸುರಿಯಬಾರದು, ಧೊಪ್ಪೆಂದು ಉಂಡೆಯಾಗಿಯೂ ಬೀಳಬಾರದು. ದಪ್ಪಗೆ ನಿಧಾನವಾಗಿ ಇಳಿದು, ಬಿದ್ದ ಜಾಗದಲ್ಲಿ ಸಣ್ಣ ಗುಡ್ಡೆಯಾಗಿ, ಹತ್ತು ಎಣಿಸುವಷ್ಟರಲ್ಲಿ ಹಿಟ್ಟಿನಲ್ಲಿ ಬೆರೆತುಹೋಗಬೇಕು.

ಹಿಟ್ಟು ಬೋಗುಣಿಯ ಅರ್ಧಕ್ಕಿರಲಿ. ಹೊರಗಡೆ ಸುಣ್ಣದಿಂದಲೋ ದಾರ ಕಟ್ಟಿಯೋ ಹಿಟ್ಟಿನ ಮಟ್ಟವನ್ನು ಗುರುತು ಮಾಡಿ. ಬೇಸಿಗೆಯಲ್ಲಿ ಎಂಟು ತಾಸಿನೊಳಗೆ, ಮಾಗಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ತಾಸಿಗೆ ಹಿಟ್ಟು ಹೆಚ್ಚುಕಡಿಮೆ ಎರಡು ಪಟ್ಟು ಏರಬೇಕು. ಗಡಿಯಾರ ನೋಡಬೇಡಿ, ಗುರುತು ನೋಡಿ. ಮಾಗಿಯಲ್ಲಿ ಒಲೆಯ ಪಕ್ಕ ಇಡಿ, ಕಂಬಳಿ ಸುತ್ತಿ. ಏರಿ ಮತ್ತೆ ಇಳಿದು, ಮೇಲೆ ಸುಕ್ಕು ಬಿದ್ದು, ಹುಳಿ ವಾಸನೆ ಮೂಗಿಗೆ ಹೊಡೆದರೆ ಹೊತ್ತು ಮೀರಿದೆ. ಅದನ್ನು ದೋಸೆಗೆ ಇಟ್ಟುಬಿಡಿ.

ಉಬ್ಬಿದ ಹಿಟ್ಟನ್ನು ಗರಗರ ತಿರುವಬೇಡಿ. ರಾತ್ರಿಯೆಲ್ಲಾ ಕೂಡಿದ ಗಾಳಿ ಒಂದು ನಿಮಿಷದಲ್ಲಿ ಹೋಗುತ್ತದೆ. ಅಂಚಿನಿಂದ ಸೌಟು ಇಳಿಸಿ ಎತ್ತಿ ಹಾಕಿ.

ಮೊದಲು ಒಂದೇ ಇಡ್ಲಿ

ಎಲ್ಲಾ ತಟ್ಟೆ ತುಂಬುವ ಮೊದಲು ಒಂದೇ ಗುಳಿಗೆ ಹಿಟ್ಟು ಹಾಕಿ ಹತ್ತು ನಿಮಿಷ ಬೇಯಿಸಿ, ಮುರಿದು ನೋಡಿ. ಅದು ನಿಮಗೆ ಎಲ್ಲವನ್ನೂ ಹೇಳುತ್ತದೆ.

ನಡುವೆ ಗೋಪುರದಂತೆ ಎದ್ದು ಮೇಲೆ ಬಿರುಕು ಬಿಟ್ಟಿದ್ದರೆ ಹಿಟ್ಟು ಗಟ್ಟಿಯಾಗಿದೆ. ಒಂದೆರಡು ಚಮಚ ನೀರು ಅಂಚಿನಿಂದ ಬಿಟ್ಟು ಮೆಲ್ಲಗೆ ಬೆರೆಸಿದರೆ ಸರಿಹೋಗುತ್ತದೆ. ಚಪ್ಪಟೆಯಾಗಿ ಬೆರಳಿಗೆ ಅಂಟಿದರೆ ತೆಳ್ಳಗಾಗಿದೆ. ನೆನೆಸಿ ಹಿಂಡಿದ ರವೆ ಎರಡು ಚಮಚ ಸೇರಿಸಿ ಅರ್ಧ ತಾಸು ಬಿಡಿ. ಮುರಿದಾಗ ರವೆ ರವೆಯಾಗಿ ಉದುರಿದರೆ ಬೇಳೆ ಕಡಿಮೆಯಾಗಿದೆ. ಅಂದಿಗೆ ಅದಕ್ಕೆ ಪೂರ್ತಿ ಮದ್ದಿಲ್ಲ. ಸಮಯವಿದ್ದರೆ ಅರ್ಧ ವಾಟಿ ಬೇಳೆ ನೆನೆಸಿ, ನೊರೆ ಬರುವಂತೆ ರುಬ್ಬಿ ಸೇರಿಸಿ, ಎರಡು ಮೂರು ತಾಸು ಬಿಟ್ಟು ಸಂಜೆಗೆ ಮಾಡಿ. ಒಳಗೆ ತೂತುಗಳೇ ಇಲ್ಲದೆ ಕೈಗೆ ಭಾರವಾಗಿದ್ದರೆ ಹಿಟ್ಟು ಇನ್ನೂ ಹುದುಗಿಲ್ಲ, ಕಾಯಬೇಕು. ಒಳಗೆ ಮೆತ್ತಗಿದ್ದು ಹೊರಗಿನ ಮೈ ಮಾತ್ರ ಗಟ್ಟಿಯಾಗಿದ್ದರೆ ಉಗಿ ಹೆಚ್ಚಾಗಿದೆ.

ಉಗಿಯ ಲೆಕ್ಕ ಸುಲಭ. ನೀರು ಮೊದಲೇ ಕುದಿಯುತ್ತಿರಲಿ. ಕುಕ್ಕರಾದರೆ ಸೀಟಿ ತೆಗೆದಿಡಿ. ತಟ್ಟೆ ಇಟ್ಟ ಮೇಲೆ ಹತ್ತರಿಂದ ಹನ್ನೆರಡು ನಿಮಿಷ, ಹೆಚ್ಚೆಂದರೆ ಹದಿನೈದು. ಒದ್ದೆ ಬೆರಳು ಮುಟ್ಟಿಸಿದರೆ ಅಂಟಬಾರದು. ಇಳಿಸಿ ಮೂರು ನಿಮಿಷ ಬಿಟ್ಟು, ನೀರಲ್ಲಿ ಅದ್ದಿದ ಚಮಚದಿಂದ ಎಬ್ಬಿಸಿ, ಒದ್ದೆ ಬಟ್ಟೆ ಮುಚ್ಚಿದ ಡಬ್ಬಿಯಲ್ಲಿಡಿ. ಗಾಳಿಗೆ ತೆರೆದಿಟ್ಟರೆ ಎಂಥ ಇಡ್ಲಿಯೂ ಒಣಗುತ್ತದೆ.

ಯಳವತ್ತಿಯ ಸೋದರಿಯವರಿಗೆ, ಹಾಗೂ ಇದೇ ಕಷ್ಟದವರಿಗೆ, ಅಳತೆಯನ್ನು ಒಂದೆಡೆ ಕೊಡುತ್ತೇನೆ. ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳಿ.

ಉದ್ದಿನಬೇಳೆ – 1 ವಾಟಿ
ಜರಡಿ ಹಿಡಿದು ತೊಳೆದ ಅಕ್ಕಿ ರವೆ – 2 ವಾಟಿ
ಅವಲಕ್ಕಿ – 1 ಹಿಡಿ
ಮೆಂತ್ಯ – ½ ಚಹಾ ಚಮಚ
ಉಪ್ಪು – 1½ ಚಹಾ ಚಮಚ
ನೆನೆಸುವುದು – ಬೇಳೆ, ರವೆ ಬೇರೆ ಬೇರೆ, 4 ತಾಸು
ಹುದುಗುವುದು – ಬೇಸಿಗೆಯಲ್ಲಿ 8 ತಾಸು, ಮಾಗಿಯಲ್ಲಿ 12ರಿಂದ 14 ತಾಸು
ಉಗಿ – 10ರಿಂದ 12 ನಿಮಿಷ

ಅತ್ತೆಯವರಿಗೆ ಕೊಡುವಾಗ ಇಡ್ಲಿಯ ಮೇಲೆ ಒಂದು ಚಮಚ ಬಿಸಿ ತುಪ್ಪ ಹಾಕಿ, ಜೊತೆಗೆ ಕಾಯಿ ಚಟ್ನಿಯನ್ನು ತೆಳ್ಳಗೆ, ಸಣ್ಣಗೆ ರುಬ್ಬಿ ಕೊಡಿ. ಹಲ್ಲಿಲ್ಲದವರಿಗೆ ಚಟ್ನಿಯ ಒಗ್ಗರಣೆಯ ಕರಿಬೇವು, ಸಾಸಿವೆಯೂ ತೊಂದರೆಯೇ, ಅದನ್ನು ಸೋಸಿಬಿಡಿ. ಎರಡು ಸಲ ಮಾಡಿ ನೋಡಿದ ಮೇಲೂ ಗಟ್ಟಿಯಾದರೆ ಬೇಳೆ ಎಂಥದು, ಹಿಟ್ಟು ಎಷ್ಟು ಏರಿತು, ಮುರಿದಾಗ ಒಳಗೆ ಹೇಗಿತ್ತು ಎಂದು ಈ ಸಲದ ಹಾಗೇ ವಿವರವಾಗಿ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ: ಸಜ್ಜೆ ರೊಟ್ಟಿ ಬಡಿಯುವಾಗ ಅಂಚು ಒಡೆಯುವುದು ಯಾಕೆ?